ಕೈ ತಲೆಗೆ ಹೋಗುವ ಮೊದಲು: ಕೂದಲು ಕೀಳುವ, ಚರ್ಮ ಚಿವುಟುವ ಮಕ್ಕಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಡೊಂಬಿವಲಿ, ಥಾಣೆ, ಮುಲುಂಡ್ ಕಡೆಯ ಕನ್ನಡ ಮನೆಗಳಿಂದ ನನ್ನ ಹತ್ತಿರ ಕೌನ್ಸೆಲಿಂಗ್‌ಗೆ ಬರುವವರು ಕೇಳುವ ಪ್ರಶ್ನೆಗಳಿವು. ಉತ್ತರಗಳಲ್ಲಿ ಬರುವ ಮೇಘಾ ಒಬ್ಬಳೇ ಹುಡುಗಿಯಲ್ಲ. ಹಲವು ಮಕ್ಕಳ ಅನುಭವ ಸೇರಿಸಿ, ಗುರುತು ಸಿಗದ ಹಾಗೆ ಬರೆದಿದ್ದೇನೆ.

ಮಗಳಿಗೆ 14 ವರ್ಷ. ಓದುತ್ತಾ ಕೂತಾಗ ಕೂದಲು ಕೀಳುತ್ತಾಳೆ. ಬೇಕೂಂತಲೇ ಮಾಡ್ತಾಳಾ?

ಅರ್ಧ ಹೌದು, ಅರ್ಧ ಅಲ್ಲ. ಕೆಲವು ಸಲ ಅವಳಿಗೆ ಗೊತ್ತಿದ್ದೇ ಕೈ ಹೋಗುತ್ತದೆ. ಒಳಗೆ ಏನೋ ಬಿಗಿತ, ನೆತ್ತಿಯಲ್ಲಿ ಜುಮ್ಮೆನ್ನುವ ಹಾಗೆ, ಕಿತ್ತ ಮೇಲೆ ಸ್ವಲ್ಪ ಹಗುರ. ಇನ್ನು ಕೆಲವು ಸಲ ಅವಳಿಗೆ ಗೊತ್ತೇ ಇರುವುದಿಲ್ಲ. ಪಾಠದ ಮೇಲೆ ಕಣ್ಣು, ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿರುತ್ತದೆ. ಪುಸ್ತಕದ ಮೇಲೆ ಬಿದ್ದ ಕೂದಲು ನೋಡಿದಾಗಲೇ ಎಚ್ಚರ. ಹೆಚ್ಚಿನ ಮಕ್ಕಳಲ್ಲಿ ಎರಡೂ ಬಗೆ ಸೇರಿಕೊಂಡಿರುತ್ತವೆ.

ಇದಕ್ಕೆ ಟ್ರೈಕೊಟಿಲೊಮೇನಿಯಾ ಎಂಬ ಹೆಸರು ಬಿದ್ದದ್ದು 1889ರಲ್ಲಿ. ಇಟ್ಟವರು ಅಲೊಪೊ ಎಂಬ ಫ್ರೆಂಚ್ ಚರ್ಮವೈದ್ಯರು. ಹತ್ತರಿಂದ ಹದಿಮೂರು ವರ್ಷದ ಆಸುಪಾಸಿನಲ್ಲಿ ಶುರುವಾಗುವುದು ಜಾಸ್ತಿ. ಚರ್ಮ ಚಿವುಟುವುದು ಇದರ ಹತ್ತಿರದ ಸಂಬಂಧಿ. ಅದು ಮೊಡವೆ ಬರುವ ಕಾಲಕ್ಕೆ ಕಾಣಿಸಿಕೊಳ್ಳುತ್ತದೆ. ಹಠ, ದುಷ್ಟತನ, ಗಮನ ಸೆಳೆಯುವ ನಾಟಕ, ಇವು ಯಾವುದೂ ಅಲ್ಲ. ಗಮನ ಬೇಕಿದ್ದವರು ಬೋಳಾದ ಜಾಗವನ್ನು ಕ್ಲಿಪ್ ಹಾಕಿ ಮುಚ್ಚಿಕೊಳ್ಳುವುದಿಲ್ಲ, ಅಲ್ವಾ?

ಕೂದಲು ಉದುರುವ ಬೇರೆ ಕಾಯಿಲೆ ಅಲ್ಲ ಅಂತ ಹೇಗೆ ಗೊತ್ತಾಗುತ್ತದೆ?

ಮೊದಲು ಚರ್ಮದ ಡಾಕ್ಟರಿಗೆ ತೋರಿಸಿ. ಕಿತ್ತ ಜಾಗಕ್ಕೆ ಅಚ್ಚುಕಟ್ಟಾದ ಆಕಾರ ಇರುವುದಿಲ್ಲ. ಅಲ್ಲಿ ಉದ್ದ, ಗಿಡ್ಡ, ತುಂಡಾದ ಕೂದಲು ಎಲ್ಲ ಕಲಬೆರಕೆಯಾಗಿ ಇರುತ್ತವೆ. ಅಲೊಪೀಸಿಯಾ ಏರಿಯೇಟಾ ಎಂಬ ಕಾಯಿಲೆಯಲ್ಲಿ ಸಾಮಾನ್ಯವಾಗಿ ದುಂಡಗೆ, ನುಣ್ಣಗೆ ಬೋಳಾಗುತ್ತದೆ. ತಲೆಯ ಹುಳುಕಡ್ಡಿಯಲ್ಲಿ ಹೊಟ್ಟು, ನವೆ ಇರುತ್ತವೆ. ಇಷ್ಟು ತಿಳಿದಿದ್ದರೂ ಮನೆಯಲ್ಲೇ ತೀರ್ಮಾನಕ್ಕೆ ಬರಬೇಡಿ. ಎಷ್ಟೋ ಮಕ್ಕಳು ಕೇಳಿದರೆ "ನಾನು ಕೀಳಲ್ಲ" ಎನ್ನುತ್ತಾರೆ. ಸುಳ್ಳು ಹಿಡಿಯುವ ಹಾಗೆ ಕೇಳಿದರೆ ಇನ್ನೂ ಗಟ್ಟಿಯಾಗಿ ಹೇಳುತ್ತಾರೆ.

"ಕೈ ತೆಗಿ" ಅಂತ ದಿನಕ್ಕೆ ನೂರು ಸಲ ಹೇಳಿದ್ರೂ ಯಾಕೆ ನಿಲ್ಲಲ್ಲ?

ನೀವು ಹೇಳುವಾಗ ಕೈ ಆಗಲೇ ತಲೆ ಮುಟ್ಟಿ ಆಗಿರುತ್ತದೆ. ಆ ಹೊತ್ತಿಗೆ ನಿಲ್ಲಿಸುವುದು ಬಹಳ ಕಷ್ಟ. ಇನ್ನೊಂದು ತೊಂದರೆಯೂ ಇದೆ. ಕೈ ಎಲ್ಲಿದೆ ಎಂದು ನೋಡುವ ಕೆಲಸವನ್ನು ನೀವೇ ಮಾಡಿದರೆ ಅವಳು ಅದನ್ನು ಕಲಿಯುವುದೇ ಇಲ್ಲ. ನೀವು ಅಡುಗೆಮನೆಗೆ ಹೋದ ಕೂಡಲೇ ಕೈ ಮತ್ತೆ ಮೇಲೆ.

ಹಾಗಾದ್ರೆ ಚಿಕಿತ್ಸೆ ಏನು?

ಹೆಚ್ಚು ಬಳಕೆಯಲ್ಲಿರುವುದು ಹ್ಯಾಬಿಟ್ ರಿವರ್ಸಲ್ ಎಂಬ ತರಬೇತಿ. ಅಮೆರಿಕದ ನೇಥನ್ ಅಜ್ರಿನ್ ಮತ್ತು ಗ್ರೆಗೊರಿ ನನ್ 1973ರಲ್ಲಿ ಇದನ್ನು ಪ್ರಕಟಿಸಿದರು. ಇದರಲ್ಲಿ ಮುಖ್ಯವಾಗಿ ಎರಡು ಕೆಲಸಗಳಿವೆ. ಕೈ ಹೊರಟ ಕ್ಷಣವನ್ನು ಹಿಡಿಯಲು ಕಲಿಯುವುದು ಮೊದಲನೆಯದು. ಆ ಕ್ಷಣದಲ್ಲೇ ಕೈಗೆ ಮುಷ್ಟಿ ಕಟ್ಟುವಂಥ ಬೇರೆ ಕೆಲಸ ಕೊಡುವುದು ಎರಡನೆಯದು. ಎಲ್ಲರಿಗೂ ಎರಡನೆಯದರ ಮೇಲೇ ಆಸೆ. "ಏನು ಮಾಡಿಸಬೇಕು ಹೇಳಿ, ಮಾಡಿಸ್ತೀವಿ" ಎನ್ನುತ್ತಾರೆ. ಮೊದಲನೆಯದು ಗಟ್ಟಿಯಾಗದೆ ಎರಡನೆಯದನ್ನು ಕೊಟ್ಟರೆ ಏನೂ ಆಗುವುದಿಲ್ಲ. ಕೈ ಹೋದದ್ದೇ ಗೊತ್ತಾಗದವಳು ಮುಷ್ಟಿ ಯಾವಾಗ ಕಟ್ಟಬೇಕು?

ಕ್ಷಣ ಹಿಡಿಯುವುದನ್ನು ಹೇಗೆ ಕಲಿಸುತ್ತಾರೆ?

ಮೇಘಾ ಒಂಬತ್ತನೇ ಕ್ಲಾಸು. ಮನೆ ಒಂದು ಬೆಡ್‌ರೂಮಿನ ಫ್ಲ್ಯಾಟ್. ಸಂಜೆ ಟ್ಯೂಷನ್ ಕ್ಲಾಸ್ ಮುಗಿಸಿ ಬಂದು, ಊಟ ಮಾಡಿ, ಒಂಬತ್ತು ಗಂಟೆಗೆ ಡೈನಿಂಗ್ ಟೇಬಲ್ಲಿನಲ್ಲಿ ಓದಲು ಕೂರುತ್ತಾಳೆ. ಎಡಗಿವಿಯ ಹಿಂದೆ ಅಂಗೈಯಷ್ಟು ಜಾಗ ತೆಳ್ಳಗಾಗಿದೆ. "ಹೇಗೆ ಕೀಳ್ತೀಯ?" ಎಂದರೆ "ಸುಮ್ನೆ ಕೀಳ್ತೀನಿ" ಎಂಬ ಉತ್ತರ.

ಆ "ಸುಮ್ನೆ"ಯನ್ನು ಬಿಡಿಸುವುದೇ ಮೊದಲ ಕೆಲಸ. ಕನ್ನಡಿ ಎದುರು ಕೂತು, ಕೀಳದೆ, ಬರೀ ನಟಿಸುತ್ತಾ, ತುಂಬಾ ನಿಧಾನವಾಗಿ ಮಾಡಿ ತೋರಿಸಬೇಕು. ಪ್ರತಿ ಸಣ್ಣ ಚಲನೆಯನ್ನೂ ಅವಳೇ ಬಾಯಿಬಿಟ್ಟು ಹೇಳಬೇಕು. ಮೇಘಾಳ ಸರಪಳಿ ಹೀಗೆ ಬಂತು: ಎಡ ಮೊಣಕೈ ಟೇಬಲ್ ಮೇಲೆ ಊರುತ್ತದೆ. ಅಂಗೈ ಕೆನ್ನೆಗೆ ಬರುತ್ತದೆ. ಬೆರಳು ಕಿವಿಯ ಹಿಂದೆ ಜಾರುತ್ತದೆ. ಅಲ್ಲಿ ಸವರುತ್ತಾ ಒರಟಾದ, ಸೊಟ್ಟಗಿರುವ ಕೂದಲನ್ನು ಹುಡುಕುತ್ತದೆ. ಸಿಕ್ಕಿದ್ದನ್ನು ಬೆರಳಿಗೆ ಸುತ್ತಿ ಎಳೆಯುತ್ತಾಳೆ. ಬುಡದ ಬಿಳಿ ಗಡ್ಡೆಯನ್ನು ತುಟಿಗೆ ಸವರಿ ನೋಡಿ, ಕುರ್ಚಿಯ ಹಿಂದೆ ಬೀಳಿಸುತ್ತಾಳೆ. "ಕೀಳುವುದು" ಎಂದು ನಾವು ಕರೆಯುವುದು ಇಷ್ಟರಲ್ಲಿ ಒಂದೇ ಒಂದು ಕೊಂಡಿ. ತಡೆಯಲು ಸುಲಭವಾದ ಕೊಂಡಿ ಎಲ್ಲಕ್ಕಿಂತ ಮುಂಚಿನದು, ಮೊಣಕೈ ಊರುವುದು.

ಮುಂದಿನದು ಗುರುತಿಸುವ ಅಭ್ಯಾಸ. ನಾನು ಮಾತಾಡುತ್ತಾ ನಡುವೆ ಅವಳ ಚಲನೆಗಳನ್ನು ನಕಲು ಮಾಡುತ್ತೇನೆ. ನನ್ನ ಅಂಗೈ ಕೆನ್ನೆಗೆ ಬಂದ ಕೂಡಲೇ ಅವಳು ಬೆರಳೆತ್ತಬೇಕು. ಬೇರೆಯವರ ಕೈಯನ್ನು ಹಿಡಿಯುವುದು ಮಕ್ಕಳಿಗೆ ಆಟದ ಹಾಗೆ. ನಗುತ್ತಾ ಮಾಡುತ್ತಾರೆ. ಆಮೇಲೆ ಅವಳದ್ದೇ ಕೈ. ಮೊದಲು ಬೇಕೆಂದೇ ಮೊಣಕೈ ಊರಿ ನಿಲ್ಲುವುದು, ಕೆನ್ನೆಗೆ ತಂದು ನಿಲ್ಲುವುದು. ಪ್ರತಿ ಕಡೆಯಲ್ಲೂ ತೋಳಿನ ಭಾರ ಎಲ್ಲಿದೆ, ಬೆರಳ ತುದಿಗೆ ಏನು ತಾಗುತ್ತಿದೆ ಎಂದು ಹೇಳುವುದು. ಕೊನೆಗೆ ಇತಿಹಾಸದ ಪಾಠ ಓದಲು ಕೊಡುತ್ತೇನೆ. ಕೈ ತಾನಾಗಿ ಹೊರಟಾಗ ಅವಳೇ ಬೆರಳೆತ್ತಬೇಕು. ತಪ್ಪಿದರೆ ನಾನು ಟೇಬಲ್ ಮೇಲೆ ಮೆಲ್ಲಗೆ ತಟ್ಟುತ್ತೇನೆ. ಐದರಲ್ಲಿ ನಾಲ್ಕು ಸಲವಾದರೂ ತಾನೇ ಹಿಡಿಯುವವರೆಗೆ ಮುಂದಕ್ಕೆ ಹೋಗುವುದಿಲ್ಲ. ಇದು ನನ್ನ ಅಳತೆ. ಕೆಲವರು ಇನ್ನೂ ಬಿಗಿಯಾಗಿ ಇಟ್ಟುಕೊಳ್ಳುತ್ತಾರೆ.

ಮನೆಗೆ ಒಂದು ಹಾಳೆ ಕೊಡುತ್ತೇನೆ. ಗಂಟೆ, ಜಾಗ, ಯಾವ ಕೈ, ಏನು ಮಾಡುತ್ತಿದ್ದೆ, ಹೇಗನಿಸುತ್ತಿತ್ತು, ಸುಮಾರು ಎಷ್ಟು ಕೂದಲು. ಬರೆಯುವವಳು ಅವಳು. ಅಮ್ಮ ಅದನ್ನು ನೋಡುವಂತಿಲ್ಲ.

ಮೇಘಾಳ ಮನೆಯವರಿಗೆ ಇದು ಗಣಿತದ ಟೆನ್ಷನ್ ಎಂಬ ನಂಬಿಕೆ ಇತ್ತು. ಹಾಳೆ ಬೇರೆ ಹೇಳಿತು. ಲೆಕ್ಕ ಮಾಡುವಾಗ ಬಲಗೈ ಬರೆಯುತ್ತದೆ, ಎಡಗೈ ಪುಸ್ತಕ ಹಿಡಿದಿರುತ್ತದೆ. ಅಲ್ಲಿ ಕೀಳುವುದೇ ಇಲ್ಲ. ಇತಿಹಾಸ, ಭೂಗೋಳ ಓದುವಾಗ ಎಡಗೈಗೆ ಕೆಲಸವಿಲ್ಲ, ಆಗ ಕೀಳುತ್ತಾಳೆ. ಎರಡನೇ ಹೊತ್ತು ರಾತ್ರಿ ಮಲಗಿ ಮೊಬೈಲ್ ನೋಡುವಾಗ. ಟೆನ್ಷನ್‌ಗಿಂತ ಬೇಸರ, ಆಯಾಸ ಮತ್ತು ಖಾಲಿ ಕೈ ಇವಳ ವಿಷಯದಲ್ಲಿ ದೊಡ್ಡ ಕಾರಣ. ಇನ್ನೊಂದು ಮಗುವಿನಲ್ಲಿ ನಿಜವಾಗಿಯೂ ಟೆನ್ಷನ್ನೇ ಇರಬಹುದು. ಅದಕ್ಕೇ ಹಾಳೆ ಬೇಕು.

ಹಾಳೆ ಬರೆಯಲು ಶುರು ಮಾಡಿದ ಮೇಲೆ ಜಾಸ್ತಿಯಾಗಿದೆ. ನಿಲ್ಲಿಸಲಾ?

ಬೇಡ. ಸಾಮಾನ್ಯವಾಗಿ ಜಾಸ್ತಿಯಾಗಿರುವುದು ಎಣಿಕೆ, ಕೀಳುವುದಲ್ಲ. ಮೊದಲು ಗೊತ್ತಾಗದೆ ಹೋಗುತ್ತಿದ್ದವೂ ಈಗ ಹಾಳೆಗೆ ಬರುತ್ತಿವೆ. ಬೋಳಾದ ಜಾಗ ನಿಜವಾಗಿಯೂ ಅಗಲವಾಗುತ್ತಿದ್ದರೆ, ಅಥವಾ ಬರೆಯುವಾಗ ಅವಳು ಅಳುತ್ತಿದ್ದರೆ, ಚಿಕಿತ್ಸೆ ಕೊಡುವವರಿಗೆ ಹೇಳಿ.

ಬದಲಿ ಕೆಲಸವನ್ನು ಹೇಗೆ ಆರಿಸುವುದು?

ಆ ಕೆಲಸ ಮಾಡುತ್ತಿರುವಾಗ ಕೂದಲು ಕೀಳಲು ಸಾಧ್ಯವೇ ಆಗಬಾರದು. ಪಕ್ಕದಲ್ಲಿರುವವರಿಗೆ ವಿಚಿತ್ರವಾಗಿ ಕಾಣಬಾರದು. ಒಂದು ನಿಮಿಷ ಹಿಡಿದಿಡಲು ಆಗಬೇಕು, ಓದಿಗೂ ಅಡ್ಡ ಬರಬಾರದು. ಕೈಯಲ್ಲಿ ಯಾವ ವಸ್ತುವೂ ಇಲ್ಲದೆ ಮಾಡಲು ಬಂದರೆ ಒಳ್ಳೆಯದು, ಏಕೆಂದರೆ ವಸ್ತು ಮನೆಯಲ್ಲಿ ಮರೆತುಹೋಗುತ್ತದೆ, ಕೈ ಮರೆತುಹೋಗುವುದಿಲ್ಲ.

ಮೇಘಾ ಆರಿಸಿದ್ದು ಇದು: ಮೊಣಕೈ ಟೇಬಲ್ ಮುಟ್ಟಿದ ಕೂಡಲೇ ಎಡಗೈಯನ್ನು ಕೆಳಗಿಳಿಸಿ, ಹೆಬ್ಬೆರಳನ್ನು ಒಳಗಿಟ್ಟು ಮುಷ್ಟಿ ಕಟ್ಟಿ, ತೊಡೆಯ ಮೇಲೆ ಒತ್ತಿ ಹಿಡಿಯುವುದು. ಬಿಗಿ ಎಷ್ಟು ಅಂದರೆ ಮುಷ್ಟಿ ಕಟ್ಟಿದ್ದೇನೆ ಎಂದು ಗೊತ್ತಾಗುವಷ್ಟು, ನೋಯುವಷ್ಟಲ್ಲ. ಒಂದು ನಿಮಿಷ ಹಾಗೇ ಇಟ್ಟು ಓದು ಮುಂದುವರಿಸುವುದು. ಮೊದಲ ದಿನಗಳ ಪದ್ಧತಿಯಲ್ಲಿ ಸುಮಾರು ಮೂರು ನಿಮಿಷ ಹೇಳುತ್ತಿದ್ದರು. ಈಗ ಸಾಮಾನ್ಯವಾಗಿ ಒಂದು ನಿಮಿಷ, ಅಥವಾ ಆಸೆ ಇಳಿಯುವವರೆಗೆ, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟು.

ಒಂದೇ ಭಂಗಿ ಎಲ್ಲ ಕಡೆ ನಡೆಯುವುದಿಲ್ಲ. ಶಾಲೆಯಲ್ಲಿ ಬೆಂಚಿನ ಅಂಚು ಹಿಡಿಯುತ್ತಾಳೆ. ಲೋಕಲ್ ರೈಲಿನಲ್ಲಿ ಸೀಟು ಸಿಕ್ಕರೆ ಮಡಿಲಲ್ಲಿರುವ ಬ್ಯಾಗನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿಯುತ್ತಾಳೆ. ಡೊಂಬಿವಲಿಯ ಸಂಜೆಯ ಗಾಡಿಯಲ್ಲಿ ನಿಂತಿದ್ದರೆ ಅಭ್ಯಾಸವೇ ಬೇಡ, ಅಲ್ಲಿ ಕೈ ಎತ್ತಲೂ ಜಾಗವಿಲ್ಲ. ಮಲಗಿದಾಗ ಮುಷ್ಟಿ ಜಾರಿಹೋಗುತ್ತಿತ್ತು. ಅದಕ್ಕೆ ಎರಡೂ ಅಂಗೈಯನ್ನು ದಿಂಬಿನಡಿ ಇಡುವುದು, ಮೊಬೈಲ್ ಹಾಲಿನಲ್ಲಿ ಚಾರ್ಜಿಗೆ ಹಾಕುವುದು ಎಂದಾಯಿತು. ಎರಡನೆಯದಕ್ಕೆ ಒಪ್ಪಿಸಲು ಹೆಚ್ಚು ಹೊತ್ತು ಹಿಡಿಯಿತು ಎಂದು ಬೇರೆ ಹೇಳಬೇಕಿಲ್ಲ.

ಮಾಡ್ತಿದ್ದಾಳೆ, ಆದ್ರೂ ಕೂದಲು ಹೋಗ್ತಿದೆ. ಎಲ್ಲಿ ತಪ್ಪುತ್ತಿದೆ?

ಹೆಚ್ಚಾಗಿ ತಡವಾಗುತ್ತಿದೆ. ಬೆರಳು ಒರಟು ಕೂದಲನ್ನು ಹುಡುಕಿ ಹಿಡಿದ ಮೇಲೆ ಮುಷ್ಟಿ ಕಟ್ಟುವುದೆಂದರೆ ದೊಡ್ಡ ಹೋರಾಟ. ಮೊಣಕೈ ಊರಿದಾಗ ಕಟ್ಟಿದರೆ ಹೋರಾಟವೇ ಇಲ್ಲ. ಹಾಳೆಯಲ್ಲಿ ಇನ್ನೊಂದು ಕಾಲಂ ಸೇರಿಸಿ: ಯಾವ ಕೊಂಡಿಯಲ್ಲಿ ಗೊತ್ತಾಯಿತು? ಅದು ವಾರದಿಂದ ವಾರಕ್ಕೆ ಮುಂಚಿತವಾಗುತ್ತಿದ್ದರೆ, ಕಿತ್ತ ಕೂದಲಿನ ಸಂಖ್ಯೆ ಇನ್ನೂ ಇಳಿಯದಿದ್ದರೂ ಕೆಲಸ ನಡೆಯುತ್ತಿದೆ. ಕಿತ್ತಾದ ಮೇಲೆ ಗೊತ್ತಾದರೂ ಬದಲಿ ಕೆಲಸ ಮಾಡಲೇಬೇಕು. ಇಲ್ಲದಿದ್ದರೆ ಒಂದು ಹೋದದ್ದಕ್ಕೆ ಹತ್ತು ಹೋಗುತ್ತದೆ.

ಕೈ ಬದಲಾಗುವುದು ಇನ್ನೊಂದು ಕಾರಣ. ಮೇಘಾಳ ಎಡಗೈ ಸುಮ್ಮನಾದ ಮೇಲೆ ಬಲಗೈ ಮೆಲ್ಲಗೆ ಬಲಗಿವಿಯ ಹಿಂದೆ ಹೋಗತೊಡಗಿತು. ಆಗ ಎರಡೂ ಕೈಗೆ ಒಟ್ಟಿಗೆ ಕೆಲಸ ಕೊಡಬೇಕಾಯಿತು: ಬಲಗೈ ಪೆನ್ಸಿಲ್ ಹಿಡಿದು ಓದುವ ಸಾಲಿನ ಕೆಳಗೆ ಗೆರೆ ಎಳೆಯುವುದು, ಎಡಗೈ ತೊಡೆಯ ಮೇಲೆ.

ಇನ್ನು ಹೊಸ ಕೂದಲು. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಹೊಸದಾಗಿ ಬಂದದ್ದು ಗಿಡ್ಡವಾಗಿ, ನೆಟ್ಟಗೆ, ಚುಚ್ಚುವ ಹಾಗೆ ನಿಲ್ಲುತ್ತದೆ. ಬೆರಳು ಹುಡುಕುವುದೇ ಅಂಥದನ್ನು. ಹಾಗಾಗಿ ಸುಧಾರಿಸುತ್ತಿರುವ ಹೊತ್ತಿನಲ್ಲೇ ಮತ್ತೆ ಕೀಳುವ ಅಪಾಯ ಹೆಚ್ಚು. ಮನೆಯಲ್ಲಿ ಓದುವಾಗ ತಲೆಗೆ ಹತ್ತಿಯ ಸ್ಕಾರ್ಫ್ ಕಟ್ಟುವುದು, ಹೆಬ್ಬೆರಳು ಮತ್ತು ತೋರುಬೆರಳಿನ ತುದಿಗೆ ಬ್ಯಾಂಡೇಜ್ ಪಟ್ಟಿ ಸುತ್ತುವುದು ಆಗ ಉಪಯೋಗಕ್ಕೆ ಬರುತ್ತವೆ. ಪಟ್ಟಿ ಸುತ್ತಿದ ಬೆರಳಿಗೆ ಒರಟು ಯಾವುದು, ನುಣುಪು ಯಾವುದು ತಿಳಿಯುವುದಿಲ್ಲ. ಕೈ ತಲೆಗೆ ತಾಗಿದ ಕೂಡಲೇ ಎಚ್ಚರವೂ ಆಗುತ್ತದೆ.

ಕೈಗೆ ಒಂದು ಸ್ಪಿನ್ನರ್ ಕೊಟ್ರೆ ಸಾಕಲ್ವಾ?

ಒಂದು ಕೈಯಲ್ಲಿ ಅದು ತಿರುಗುತ್ತಿರುತ್ತದೆ, ಇನ್ನೊಂದು ಕೈ ತಲೆಯಲ್ಲಿ. ಇದನ್ನು ತುಂಬಾ ನೋಡಿದ್ದೇನೆ. ಆದರೆ ಮಗುವಿಗೆ ನಿಜವಾಗಿ ಬೇಕಾದ ಸ್ಪರ್ಶ ಯಾವುದು ಎಂದು ತಿಳಿದರೆ ವಸ್ತುವಿಗೂ ಅರ್ಥ ಬರುತ್ತದೆ. ಮೇಘಾಳಿಗೆ ಬೇಕಿದ್ದದ್ದು ತುಟಿಗೆ ತಾಗುವ ಆ ಗಡ್ಡೆಯ ತಂಪು. ಡ್ರಾಯಿಂಗಿನ ಮೆತ್ತನೆಯ ಬ್ರಷ್ಷನ್ನು ತುಟಿಗೆ ಸವರಿಕೊಂಡರೆ ಸ್ವಲ್ಪ ಸಮಾಧಾನವಾಗುತ್ತಿತ್ತು. ಮನೆಯಲ್ಲಿ ಮಾತ್ರ, ಶಾಲೆಯಲ್ಲಿ ಅಲ್ಲ. ಇದು ಮುಷ್ಟಿಯ ಜೊತೆಗೆ, ಮುಷ್ಟಿಯ ಬದಲಿಗೆ ಅಲ್ಲ.

ಮಗ ಬಾತ್‌ರೂಮಿನಲ್ಲಿ ಅರ್ಧ ಗಂಟೆ ನಿಂತು ಮೊಡವೆ ಚಿವುಟುತ್ತಾನೆ. ಅವನಿಗೂ ಇದೇನಾ?

ದಾರಿ ಒಂದೇ, ಸರಪಳಿ ಬೇರೆ. ಇಲ್ಲಿ ಮೊದಲ ಕೊಂಡಿ ಕೈಯಲ್ಲಿ ಅಲ್ಲ, ಕಣ್ಣಿನಲ್ಲಿ ಇರುತ್ತದೆ. ಬಿಳಿ ಎಲ್‌ಇಡಿ ದೀಪದಡಿ ಕನ್ನಡಿಗೆ ಮುಖ ಹತ್ತಿರ ತರುತ್ತಾನೆ, ಒಂದು ಚುಕ್ಕೆ ಕಾಣುತ್ತದೆ, ಬೆರಳು ಏಳುತ್ತದೆ. ಆದ್ದರಿಂದ ಹಿಡಿಯಬೇಕಾದ ಕ್ಷಣ ಎಂದರೆ ಬಾಗುವುದು. ಕನ್ನಡಿಯಿಂದ ಒಂದು ಕೈಯಳತೆ ದೂರ ನಿಲ್ಲುವ ನಿಯಮ ಮಾಡಿ. ಬಾಗಿದ್ದು ಗೊತ್ತಾದ ಕೂಡಲೇ ಎರಡೂ ಕೈಯಲ್ಲಿ ಟವೆಲ್ ಹಿಡಿದು ಒಂದು ನಿಮಿಷ ಒತ್ತಿ ಹಿಡಿಯಲಿ. ಮಂದ ಬಲ್ಬ್ ಹಾಕಿ, ಉಗುರು ಗಿಡ್ಡವಾಗಿರಲಿ. ಮೊಡವೆಗೆ ಚರ್ಮದ ಡಾಕ್ಟರಿಂದ ಸರಿಯಾದ ಔಷಧಿ ಕೊಡಿಸಿ, ಚಿವುಟಲು ಏನೂ ಸಿಗದಿದ್ದರೆ ಕೆಲಸ ಹಗುರ. ಗಾಯದ ಹಕ್ಕಳೆ ಕೀಳುವವರಿಗೆ ಅದರ ಮೇಲೆ ಪಟ್ಟಿ ಹಾಕುವುದೂ ಉಪಾಯವೇ.

ಎಚ್ಚರಿಕೆ ಒಂದು. ಸುತ್ತಲೂ ಕೆಂಪು ಹರಡುತ್ತಿದ್ದರೆ, ಮುಟ್ಟಿದರೆ ಬಿಸಿಯಾಗಿದ್ದರೆ, ಕೀವು ಅಥವಾ ಜ್ವರ ಇದ್ದರೆ ಅದು ಸೋಂಕು. ಅವತ್ತೇ ಡಾಕ್ಟರಿಗೆ ತೋರಿಸಿ. ರಾತ್ರಿ ನವೆ ಜಾಸ್ತಿಯಾಗಿ, ಮನೆಯಲ್ಲಿ ಬೇರೆಯವರಿಗೂ ಇದ್ದರೆ ಅದು ಕಜ್ಜಿ ಇರಬಹುದು. ಅದಕ್ಕೆ ಚಿಕಿತ್ಸೆ ಬೇರೆ.

ಹಾಗಾದ್ರೆ ಅಪ್ಪ ಅಮ್ಮನ ಕೆಲಸ ಏನು?

ಕಡಿಮೆ ಮಾತಾಡುವುದು. ಅವಳು ಮುಷ್ಟಿ ಕಟ್ಟಿದ್ದು ಕಂಡರೆ ಮೆಲ್ಲಗೆ "ಚೆನ್ನಾಗಿ ಹಿಡಿದೆ ಪುಟ್ಟಾ" ಎನ್ನಿ. ಕೂದಲು ಉಳಿದದ್ದಕ್ಕೆ ಹೊಗಳಬೇಡಿ, ಕೈ ಹಿಡಿದದ್ದಕ್ಕೆ ಹೊಗಳಿ. ಮೊದಲನೆಯದು ಅವಳ ಕೈಯಲ್ಲಿ ಪೂರ್ತಿ ಇಲ್ಲ, ಎರಡನೆಯದು ಇದೆ.

ಅವಳಿಗೆ ತಿಳಿಯದೆ ಕೈ ಹೋಗಿದ್ದರೆ ನೆನಪಿಸಬಹುದು. ಹೇಗೆ ನೆನಪಿಸಬೇಕು ಎಂದು ಅವಳೇ ಹೇಳಲಿ. ಮೇಘಾ ತನ್ನ ಅಮ್ಮನಿಗೆ ಕೊಟ್ಟ ಸಂಕೇತ "ನೀರು ಬೇಕಾ?" ಎಂಬುದು. ಅಜ್ಜಿ ಪಕ್ಕದಲ್ಲಿದ್ದರೂ ಯಾರಿಗೂ ತಿಳಿಯುವುದಿಲ್ಲ. ಸಂಜೆಗೆ ಎರಡು ಮೂರು ಸಲ ಸಾಕು. ಆಮೇಲೆ ಅದೂ ಬೈಗುಳವೇ ಆಗುತ್ತದೆ. ಒಂದು ಸಲ ಅವಳು ನಿಜವಾಗಿಯೂ ಬಾಯಾರಿ ನೀರು ಕೇಳಿದಾಗ ಮನೆಯವರೆಲ್ಲ ಅವಳ ಕೈ ನೋಡಿದರಂತೆ. ಅವತ್ತು ಸಂಕೇತ ಬದಲಾಯಿತು.

ನೆತ್ತಿ ಪರೀಕ್ಷೆ ಮಾಡಬೇಡಿ. ಕಸ ಗುಡಿಸುವಾಗ ಸಿಕ್ಕ ಕೂದಲನ್ನು ತಂದು ತೋರಿಸಬೇಡಿ. ಸಂಘದ ಕಾರ್ಯಕ್ರಮದಲ್ಲಿ, ಊರಿನ ಮದುವೆಯಲ್ಲಿ ನೆಂಟರು ಕೇಳಿದರೆ ಹೇಳಲು ಒಂದು ಚಿಕ್ಕ ಉತ್ತರವನ್ನು ಅವಳ ಜೊತೆ ಕೂತು ಮೊದಲೇ ಮಾಡಿಟ್ಟುಕೊಳ್ಳಿ. "ಡಾಕ್ಟರಿಗೆ ತೋರಿಸ್ತಿದೀವಿ ಅತ್ತೆ" ಎಂಬಷ್ಟು ಸಾಕು.

ಅಜ್ಜಿ ಹೇಳ್ತಾರೆ, ಹರಕೆ ಹೊತ್ತು ಮುಡಿ ಕೊಡಿಸಿದ್ರೆ ಸರಿ ಹೋಗುತ್ತೆ ಅಂತ.

ಹರಕೆ ನಿಮ್ಮ ನಂಬಿಕೆ, ಅದಕ್ಕೆ ನಾನು ಅಡ್ಡ ಬರುವುದಿಲ್ಲ. ಚಿಕಿತ್ಸೆಯ ಲೆಕ್ಕದಲ್ಲಿ ಮಾತ್ರ ಇದು ಕೆಲಸ ಮಾಡುವುದಿಲ್ಲ. ಬೋಳು ತಲೆಯಲ್ಲಿ ಕೀಳಲು ಆಗುವುದಿಲ್ಲ, ನಿಜ. ಆ ಕೈ ಹುಬ್ಬಿಗೋ ರೆಪ್ಪೆಗೋ ಇಳಿಯಬಹುದು. ಕೂದಲು ಬರುವಾಗ ಚುಚ್ಚುವ ಕೂದಲೇ ಬರುತ್ತದೆ. ಹದಿನಾಲ್ಕರ ಹುಡುಗಿಯನ್ನು ಅವಳ ಮನಸ್ಸಿಲ್ಲದೆ ಬೋಳಿಸಿದರೆ ಅವಳಿಗೆ ಅದು ಶಿಕ್ಷೆಯೇ.

ಮಾತ್ರೆ ಇಲ್ವಾ?

ಕೂದಲು ಕೀಳುವುದನ್ನೇ ನಿಲ್ಲಿಸುವ ಭರವಸೆಯ ಮಾತ್ರೆ ಮಕ್ಕಳಿಗೆ ಇಲ್ಲ. ಎನ್-ಅಸಿಟೈಲ್‌ಸಿಸ್ಟೀನ್ ಬಗ್ಗೆ ಇಂಟರ್‌ನೆಟ್ಟಿನಲ್ಲಿ ಓದಿ ಕೇಳುವವರು ಬಹಳ. 2009ರ ಒಂದು ಪ್ರಯೋಗದಲ್ಲಿ ದೊಡ್ಡವರಿಗೆ ಅದರಿಂದ ಉಪಯೋಗ ಕಂಡಿತು. 2013ರಲ್ಲಿ ಮಕ್ಕಳ ಮೇಲೆ ನಡೆದ ಪ್ರಯೋಗದಲ್ಲಿ ಔಷಧಿಯಿಲ್ಲದ ಖಾಲಿ ಮಾತ್ರೆಗಿಂತ ಅದು ಮೇಲು ಎಂದು ಕಾಣಲಿಲ್ಲ. ಜೊತೆಗೆ ಖಿನ್ನತೆ, ಆತಂಕ ಇದ್ದರೆ ಅವಕ್ಕೆ ಮನೋವೈದ್ಯರು ಔಷಧಿ ಕೊಡಬಹುದು. ನೀವೇ ಅಂಗಡಿಯಿಂದ ತಂದು ಕೊಡಬೇಡಿ.

ಕಿತ್ತ ಕೂದಲನ್ನು ನುಂಗುತ್ತಾಳೆ ಅನಿಸುತ್ತೆ. ಪರವಾಗಿಲ್ವಾ?

ಇದಕ್ಕೆ ಕಾಯಬೇಡಿ. ಕೂದಲು ಹೊಟ್ಟೆಯಲ್ಲಿ ಜೀರ್ಣವಾಗುವುದಿಲ್ಲ. ಸೇರಿ ಉಂಡೆಯಾಗುತ್ತದೆ, ಕೆಲವರಲ್ಲಿ ಕರುಳಿನವರೆಗೂ ಇಳಿಯುತ್ತದೆ. ಹೊಟ್ಟೆನೋವು, ವಾಂತಿ, ಎರಡು ತುತ್ತಿಗೇ ಹೊಟ್ಟೆ ತುಂಬುವುದು, ತೂಕ ಇಳಿಯುವುದು ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಿ. "ಕೂದಲು ನುಂಗುತ್ತಾಳೆ" ಎಂದು ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಗ್ಯಾಸ್ಟ್ರಿಕ್ ಮಾತ್ರೆ ಬರೆದು ಕಳಿಸಬಹುದು. ದೊಡ್ಡ ಉಂಡೆಗೆ ಆಪರೇಷನ್ ಬೇಕಾಗುತ್ತದೆ.

ಎಷ್ಟು ದಿನದಲ್ಲಿ ಸರಿ ಹೋಗುತ್ತೆ? ಮತ್ತೆ ಬರಲ್ಲ ತಾನೆ?

ತರಬೇತಿ ಸಾಮಾನ್ಯವಾಗಿ ಕೆಲವು ವಾರಗಳದ್ದು. ಕಣ್ಣಿಗೆ ಕಾಣುವ ಕೂದಲು ಬರಲು ತಿಂಗಳುಗಳು ಬೇಕು. ಮತ್ತೆ ಬರುವುದು ತುಂಬಾ ಸಾಮಾನ್ಯ. ಮೇಘಾ ಪ್ರತಿದಿನ ಕೀಳುತ್ತಿದ್ದವಳು ವಾರಕ್ಕೆ ಒಂದೆರಡು ಸಂಜೆಗೆ ಇಳಿದಳು. ಪೂರ್ತಿ ನಿಂತಿಲ್ಲ. ಹತ್ತನೇ ಕ್ಲಾಸಿನ ಬೋರ್ಡ್ ಪರೀಕ್ಷೆ ಹತ್ತಿರ ಬಂದಾಗ ಮತ್ತೆ ಏರಿತು. ಆಗ ಹೊಸದೇನೂ ಮಾಡಲಿಲ್ಲ. ಹಳೆಯ ಹಾಳೆ ತೆಗೆದು ಒಂದು ವಾರ ಬರೆದಳು. ಸರಪಳಿ ಬದಲಾಗಿತ್ತು: ಈಗ ಟೇಬಲ್ಲಿನ ಬದಲು ಹಾಸಿಗೆಯ ಮೇಲೆ ಕಾಲು ಮಡಚಿ ಕೂತು ಓದುತ್ತಿದ್ದಳು, ಮೊಣಕೈ ಮಂಡಿಯ ಮೇಲೆ ಊರುತ್ತಿತ್ತು. ಹಳೆಯ ಎಚ್ಚರಿಕೆ ಅಲ್ಲಿ ಕೆಲಸ ಮಾಡಿರಲಿಲ್ಲ. ಮಂಡಿಗೆ ಊರುವುದನ್ನು ಹಿಡಿಯಲು ಮತ್ತೆ ಅಭ್ಯಾಸ ಮಾಡಿದೆವು.

ಎಲ್ಲಿಗೆ ಹೋಗುವುದು? ಕನ್ನಡದಲ್ಲಿ ಮಾತಾಡುವವರು ಸಿಗ್ತಾರಾ?

ಮುಂಬೈನಲ್ಲಿ ಪರೇಲಿನ ಕೆಇಎಂ, ಸಯನ್, ನಾಯರ್ ಆಸ್ಪತ್ರೆಗಳಲ್ಲಿ ಮನೋರೋಗ ವಿಭಾಗದ ಓಪಿಡಿ ಇದೆ. ಪುಣೆಯಲ್ಲಿ ಸಸೂನ್, ಗೋವಾದಲ್ಲಿ ಬಾಂಬೋಲಿಯ ಮನೋರೋಗ ಸಂಸ್ಥೆ. ಮಾತು ಹಿಂದಿ, ಮರಾಠಿ, ಗೋವಾದಲ್ಲಾದರೆ ಕೊಂಕಣಿಯಲ್ಲಿ ನಡೆಯುವುದೇ ಹೆಚ್ಚು. ಇಲ್ಲೇ ಬೆಳೆದ ಮಕ್ಕಳಿಗೆ ಅದು ತೊಂದರೆಯಲ್ಲ, ಅಜ್ಜಿಯನ್ನು ಕರೆದುಕೊಂಡು ಹೋದರೆ ಮಾತ್ರ ನೀವು ನಡುವೆ ಹೇಳಬೇಕಾಗುತ್ತದೆ. ಕೇಂದ್ರ ಸರ್ಕಾರದ ಟೆಲಿ ಮಾನಸ್ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡ ಆರಿಸಿಕೊಳ್ಳಬಹುದು. ಅಲ್ಲಿ ಪೂರ್ತಿ ತರಬೇತಿ ಸಿಗುತ್ತದೆಂದು ಎಣಿಸಬೇಡಿ, ಮುಂದೆ ಎಲ್ಲಿ ಹೋಗಬೇಕು ಎಂದು ಹೇಳುತ್ತಾರೆ.

ಖಾಸಗಿಯಾಗಿ ಯಾರನ್ನಾದರೂ ನೋಡುವುದಾದರೆ ಫೋನಿನಲ್ಲೇ ಕೇಳಿ: "ಹ್ಯಾಬಿಟ್ ರಿವರ್ಸಲ್ ಕಲಿಸ್ತೀರಾ? ಮಕ್ಕಳಿಗೆ ಕಲಿಸಿದ್ದೀರಾ?" ಬರೀ ಮಾತಾಡಿಸಿ, ಟೆನ್ಷನ್ ಕಡಿಮೆ ಮಾಡ್ಕೋ ಎನ್ನುವವರ ಹತ್ತಿರ ತಿಂಗಳುಗಟ್ಟಲೆ ಕಳೆದು ಬಂದವರು ನನ್ನಲ್ಲಿಗೆ ಬರುತ್ತಾರೆ. ಮೊದಲ ಭೇಟಿಗೆ ಚರ್ಮದ ಡಾಕ್ಟರ ಚೀಟಿ ಇಟ್ಟುಕೊಳ್ಳಿ. ಮಗುವಿಗೆ ಒಪ್ಪಿಗೆಯಿದ್ದರೆ ಆ ಜಾಗದ ಒಂದು ಫೋಟೋ ಇರಲಿ. ಒಳಗೆ ಸ್ವಲ್ಪ ಹೊತ್ತು ಮಗುವನ್ನು ಒಂಟಿಯಾಗಿ ಮಾತಾಡಲು ಬಿಟ್ಟು ನೀವು ಹೊರಗೆ ಕೂತಿರಿ.